ಬಿಟಿ ಹತ್ತಿ ಹಾಕೋರೇ, "ತೊಗರಿ ಹಾಕಿದ್ರೆ ಸಾಕು" ಅನ್ನೋ ಮಾತು ನಂಬಬೇಡಿ

ರಾಯಚೂರು ಕಡೆ ಹತ್ತಿ ಹಾಕೋರು ದಯವಿಟ್ಟು ಇದನ್ನು ಓದಿ. ಹೊಟ್ಟೆ ಉರಿದು ಬರೀತಿದ್ದೇನೆ.

ಬಿಜಿ-2 ಬೀಜ 450 ಗ್ರಾಂ, ಅದರ ಜೊತೆ 120 ಗ್ರಾಂ ನಾನ್ ಬಿಟಿ ಬೀಜದ ಸಣ್ಣ ಪಾಕೀಟು ಬರ್ತಿದ್ದ ಕಾಲ ಅದು. ಹೊಲದ ಸುತ್ತ ಐದು ಸಾಲು, ಇಲ್ಲಾ ಹೊಲದ ಶೇ. 20, ಎರಡರಲ್ಲಿ ಯಾವುದು ಜಾಸ್ತಿಯೋ ಅಷ್ಟು ನಾನ್ ಬಿಟಿ ಹಾಕಬೇಕಿತ್ತು. ಅಂಗಡಿಯವರು ಆ ಪಾಕೀಟು ತೆಗೆದು ಗಲ್ಲಾ ಕೆಳಗೆ ಎಸೆದರು. "ಇದು ಹುಳದ ಪಾಲಿನ ಬೀಜ ಗೌಡ್ರೇ, ಸುಮ್ನೆ ಜಾಗ ದಂಡ. ಬದುವಿಗೆ ತೊಗರಿ ಹಾಕ್ರಿ, ಅದೂ ನಡೀತದ" ಅಂದರು.

ಹೌದು, ಅದು ಹುಳದ ಪಾಲಿನದೇ. ಯಾಕೆ ಅಂತ ಅವರು ಹೇಳಲೇ ಇಲ್ಲ. ಬಿಟಿ ತಿಂದೂ ಸಾಯದ ಹುಳ ಎಲ್ಲೋ ಒಂದೊಂದು ಇರುತ್ತದೆ. ಅಂಥವೇ ಒಂದಕ್ಕೊಂದು ಕೂಡಿದರೆ ಮರಿಗಳೂ ಸಾಯಲ್ಲ. ಪಕ್ಕದ ನಾನ್ ಬಿಟಿ ಗಿಡದಲ್ಲಿ ಬೆಳೆದ ಸಾದಾ ಪತಂಗಗಳು ಬೇಕಾದಷ್ಟಿದ್ದರೆ ಅವು ಇವುಗಳ ಜೊತೆ ಕೂಡುತ್ತವೆ. ಆಗ ಹುಟ್ಟುವ ಮರಿಗಳಲ್ಲಿ ಹೆಚ್ಚಿನವು ಬಿಟಿ ತಿಂದು ಸಾಯುತ್ತವೆ. ಇಷ್ಟೇ ಲೆಕ್ಕ.

ತೊಗರಿಗೆ ಒಪ್ಪಿಗೆ ಇದ್ದದ್ದೂ ನಿಜ. ಆದರೆ ಅದು ಹಸಿರು ಕಾಯಿಕೊರಕಕ್ಕೆ. ಆ ಹುಳ ತೊಗರಿ, ಕಡಲೆ ಎಲ್ಲ ತಿನ್ನುತ್ತದೆ. ಗುಲಾಬಿ ಕಾಯಿಕೊರಕ ತೊಗರಿ ಮುಟ್ಟಲ್ಲ, ಹೆಚ್ಚುಕಡಿಮೆ ಹತ್ತಿಯಲ್ಲೇ ಬದುಕುತ್ತದೆ! ನಮ್ಮ ಹೊಲ ತಿಂದದ್ದು ಅದೇ.

ಹೂ ಅರಳದೆ ತಿರುಚಿ ಮುದುಡಿದ್ದವು. ಕಾಯಿ ಹೊರಗೆ ಹಸಿರಾಗಿ, ನುಣ್ಣಗೆ ಇತ್ತು. ಒಡೆದು ನೋಡಿದರೆ ಬೀಜ ಕೊರೆದಿತ್ತು, ಅರಳೆ ಕಂದು ಬಣ್ಣ, ನಡುವೆ ಗುಲಾಬಿ ಹುಳ. ಇನ್ನೊಂದು ಒಡೆದೆ, ಅದರಲ್ಲೂ ಅದೇ. ಬಿಟಿಗೆ ಕಾಯಿಕೊರಕ ಬರೋದೇ ಇಲ್ಲ ಅಂತ ಮಾರಿದ್ದರು ಅಲ್ವಾ!

ಕಾಯಿ ಹಿಡ್ಕೊಂಡೇ ಅಂಗಡಿಗೆ ಹೋದೆ. ಮೊದಲು "ಮಳಿ ಜಾಸ್ತಿ ಆತು" ಅಂದರು. ಆಮೇಲೆ "ಔಷಧಿ ತಡ ಹೊಡದೀರಿ" ಅಂದರು. ಕಾಯೊಳಗೆ ಹೊಕ್ಕ ಹುಳಕ್ಕೆ ಯಾವ ಔಷಧಿ ತಾಗುತ್ತೆ? ಕೊನೆಗೆ, "ನೀವೊಬ್ರು ಹಾಕಿದ್ರ ಏನಾಗ್ತಿತ್ತು? ಊರಾಗ ಯಾರೂ ಹಾಕಂಗಿಲ್ಲ." ಯಾರೂ ಹಾಕಲ್ಲ ಯಾಕೆ? ಬಂದವರಿಗೆಲ್ಲ ಇವರೇ ಬೇಡ ಅಂತ ಹೇಳಿ ಕಳಿಸಿದ್ದರು! ಗುಜರಾತಿನಲ್ಲಿ ಈ ಹುಳ ಮೊದಲ ಬಿಟಿಗೆ ಬಗ್ಗುತ್ತಿಲ್ಲ ಅಂತ 2010ರಲ್ಲೇ ಸುದ್ದಿಯಾಗಿತ್ತು. ಬೀಜ ಮಾರೋರಿಗೆ ಇದು ಗೊತ್ತಿರಲಿಲ್ವಾ?

ಈಗ ನಾನ್ ಬಿಟಿ ಬೀಜವನ್ನು ಒಳಗೇ ಬೆರೆಸಿದ 475 ಗ್ರಾಂ ಪಾಕೀಟು ಬರುತ್ತದೆ. "ಬೆರೆಸಿದ್ದಾರೆ, ಇನ್ನು ಹುಳ ಬರಲ್ಲ" ಅಂದರೆ ಅದೂ ಸುಳ್ಳು. ಗುಲಾಬಿ ಹುಳ ಬಿಜಿ-2ಕ್ಕೂ ಒಗ್ಗಿಕೊಂಡಿದೆ, ಬೆರೆಸಿದ ಬೀಜದಿಂದ ಈ ವರ್ಷದ ಬೆಳೆ ಉಳಿಯಲ್ಲ. ಮೊಗ್ಗು ಬರುವಾಗಲೇ ಎಕರೆಗೆ ಎರಡು ಮೋಹಕ ಬಲೆ ಕಟ್ಟಿ. ಒಂದು ಬಲೆಗೆ ರಾತ್ರಿಗೆ ಎಂಟರಂತೆ ಮೂರು ರಾತ್ರಿ ಪತಂಗ ಬಿದ್ದರೆ ಔಷಧಿ ಹೊಡೆಯಿರಿ. ಅಂಗಡಿಯವರನ್ನು ಕೇಳಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಡಿಸೆಂಬರಿಗೆ ಬೆಳೆ ಮುಗಿಸಿ. ಕಟ್ಟಿಗೆ ಬದುವಿನಲ್ಲಿ ಒಟ್ಟಬೇಡಿ, ಅದರಲ್ಲಿ ಉಳಿದ ಕಾಯೊಳಗೇ ಹುಳ ಮುಂದಿನ ಹಂಗಾಮಿನ ತನಕ ಕೂತಿರುತ್ತದೆ. ಬಿಲ್ಲು, ಖಾಲಿ ಪಾಕೀಟು ಎರಡನ್ನೂ ಇಟ್ಟುಕೊಳ್ಳಿ.