ಮನೆಯ ರೂಟರ್‌ನಲ್ಲಿ ಯುಪಿಎನ್‌ಪಿ: ಹಾಗೇ ಬಿಡುವುದೋ, ಕೈಯಾರೆ ಪೋರ್ಟ್ ತೆರೆಯುವುದೋ, ವೈರ್‌ಗಾರ್ಡ್ ಹಾಕುವುದೋ

ಯುಪಿಎನ್‌ಪಿ ಎಂದರೆ ಮನೆಯ ಉಪಕರಣ ಕೇಳಿದೊಡನೆ ರೂಟರ್ ಹೊರಗಿನ ಇಂಟರ್‌ನೆಟ್‌ನತ್ತ ಪೋರ್ಟ್ ಎಂಬ ಬಾಗಿಲನ್ನು ತಾನಾಗಿಯೇ ತೆರೆದುಕೊಡುವ ಏರ್ಪಾಡು. ಅದನ್ನು ನಿಲ್ಲಿಸಿ, ಕೀಲಿ ಇದ್ದವರು ಮಾತ್ರ ಹೊರಗಿನಿಂದ ಮನೆಯ ಜಾಲದೊಳಗೆ ಬರಬಹುದಾದ ವೈರ್‌ಗಾರ್ಡ್ ವಿಪಿಎನ್ ಅನ್ನು ರೂಟರ್‌ನಲ್ಲೇ ನಡೆಸುವುದು ನನಗೆ ಒಗ್ಗಿದ ದಾರಿ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಯುಪಿಎನ್‌ಪಿಯನ್ನು ಇದ್ದಂತೆಯೇ ಬಿಟ್ಟು ನೋಡಿದ್ದೇನೆ, ಅದನ್ನು ನಿಲ್ಲಿಸಿ ಬೇಕಾದ ಪೋರ್ಟ್‌ಗಳನ್ನು ಕೈಯಾರೆ ತೆರೆದು ನೋಡಿದ್ದೇನೆ, ಕೊನೆಗೆ ವೈರ್‌ಗಾರ್ಡ್‌ಗೆ ಬಂದು ನಿಂತಿದ್ದೇನೆ. ಮೂರರಲ್ಲಿ ಯಾವುದೂ ತಕರಾರಿಲ್ಲದ್ದಲ್ಲ. ಆದರೆ ತಕರಾರಿನ ಬಗೆ ಬೇರೆ ಬೇರೆ.

ಈ ಹೋಲಿಕೆಗೆ ಕಾರಣವಾದದ್ದು ಸಿಸಿಟಿವಿ ಕ್ಯಾಮೆರಾಗಳ ಚಿತ್ರವನ್ನು ದಾಖಲಿಸುವ ಪೆಟ್ಟಿಗೆ, ಅಂದರೆ ಡಿವಿಆರ್. ಅದನ್ನು ಜೋಡಿಸಲು ಬಂದಿದ್ದ ಹುಡುಗನನ್ನು, ರೂಟರ್‌ನಲ್ಲಿ ಏನಾದರೂ ಬದಲಿಸಬೇಕೇ ಎಂದು ಕೇಳಿದ್ದಕ್ಕೆ, "ಅದು ತಾನೇ ಆಕ್ಕತಿ ಸಾರ್, ನೀವೇನೂ ಮಾಡ್ಬ್ಯಾಡ್ರಿ" ಎಂದು ಹೇಳಿ ಹೊರಟಿದ್ದ. ಅವನ ಮಾತು ನಿಜವೇ ಆಗಿತ್ತು. ಕೆಲವು ವಾರಗಳ ನಂತರ ಲ್ಯಾಪ್‌ಟಾಪ್‌ನಿಂದ upnpc ಎಂಬ ಆಜ್ಞೆಯ ಮೂಲಕ ರೂಟರ್‌ನಲ್ಲಿ ಯಾವ ಪೋರ್ಟ್‌ಗಳು ತೆರೆದಿವೆಯೆಂದು ಕೇಳಿದಾಗ ಬಂದ ಉತ್ತರದಲ್ಲಿ ಈ ಸಾಲುಗಳಿದ್ದವು:

```
upnpc -l
 0 TCP    80->192.168.1.20:80    'DVR' '' 0
 1 TCP   554->192.168.1.20:554   'DVR' '' 0
 2 TCP  8000->192.168.1.20:8000  'DVR' '' 0
```

192.168.1.20 ಎಂಬುದು ಡಿವಿಆರ್‌ನ ವಿಳಾಸ. 80 ಅದರ ಲಾಗಿನ್ ಪುಟ, 554 ವೀಡಿಯೊ ಹರಿಯುವ ಪೋರ್ಟ್, 8000 ಅದರ ಆ್ಯಪ್ ಮಾತನಾಡುವ ಪೋರ್ಟ್. ಎಡಬದಿಯ ಸಂಖ್ಯೆ ಹೊರಗಿನ ಇಂಟರ್‌ನೆಟ್‌ಗೆ ಕಾಣುವಂಥದ್ದು. ಅಂದರೆ ನಮ್ಮ ಮನೆಯ ಸಾರ್ವಜನಿಕ ಐಪಿ ವಿಳಾಸವನ್ನು ಬ್ರೌಸರ್‌ನಲ್ಲಿ ಹೊಡೆದ ಯಾರಿಗೇ ಆಗಲಿ ಡಿವಿಆರ್‌ನ ಲಾಗಿನ್ ಪುಟ ಎದುರಾಗುತ್ತಿತ್ತು. ಸಾಲಿನ ಕೊನೆಯಲ್ಲಿರುವ ಸೊನ್ನೆ ಅವಧಿಯನ್ನು ಸೂಚಿಸುತ್ತದೆ. ಈ ರೂಟರ್ ಪಾಲಿಸುವ ಯುಪಿಎನ್‌ಪಿಯ ಹಳೆಯ ಆವೃತ್ತಿಯಲ್ಲಿ ಸೊನ್ನೆ ಎಂದರೆ, ಯಾರಾದರೂ ಅಳಿಸುವವರೆಗೆ ಅಥವಾ ರೂಟರ್ ಮತ್ತೆ ಚಾಲೂ ಆಗುವವರೆಗೆ ಇರಲಿ ಎಂದರ್ಥ. ಮತ್ತೆ ಚಾಲೂ ಆದರೂ ಲಾಭವಿಲ್ಲ, ಏಕೆಂದರೆ ಡಿವಿಆರ್ ಅದೇ ಕೋರಿಕೆಯನ್ನು ಪುನಃ ಕಳುಹಿಸುತ್ತದೆ.

ಇದೆಲ್ಲ ಸದ್ದಿಲ್ಲದೆ ನಡೆಯುವುದು ದೋಷದಿಂದಲ್ಲ, ವಿನ್ಯಾಸದಿಂದಲೇ. ಮನೆಯೊಳಗಿನ ಉಪಕರಣವು 239.255.255.250 ಎಂಬ ಗುಂಪು ವಿಳಾಸದ 1900ನೇ ಯುಡಿಪಿ ಪೋರ್ಟ್‌ಗೆ, ಇಲ್ಲಿ ಗೇಟ್‌ವೇ ಯಾರಾದರೂ ಇದ್ದೀರಾ ಎಂದು ಕೂಗು ಹಾಕುತ್ತದೆ. ರೂಟರ್ ತನ್ನ ವಿವರಗಳಿರುವ ಕಡತದ ವಿಳಾಸವನ್ನು ಕೊಡುತ್ತದೆ. ಆಮೇಲೆ ಉಪಕರಣವು `AddPortMapping` ಎಂಬ ಒಂದೇ ಕೋರಿಕೆಯಲ್ಲಿ ಹೊರಗಿನ ಪೋರ್ಟ್, ಒಳಗಿನ ವಿಳಾಸ ಮತ್ತು ಅವಧಿಯನ್ನು ಬರೆದು ಕಳುಹಿಸುತ್ತದೆ. ಈ ಮೂರು ಹೆಜ್ಜೆಗಳಲ್ಲಿ ಎಲ್ಲಿಯೂ ಪಾಸ್‌ವರ್ಡ್ ಕೇಳುವ ಜಾಗವೇ ಇಲ್ಲ, ಮನೆಯ ಯಜಮಾನನಿಗೆ ತಿಳಿಸುವ ಏರ್ಪಾಡೂ ಇಲ್ಲ. 2001ರಲ್ಲಿ ಈ ಪದ್ಧತಿಯನ್ನು ರೂಪಿಸಿದವರು ಮನೆಯ ಜಾಲದೊಳಗಿರುವುದೆಲ್ಲ ನಂಬಿಕಸ್ಥ ಎಂದು ಭಾವಿಸಿದ್ದರು. ಒಳಗಿನಿಂದ ಯಾರು ಕರೆದರೂ ಹಿತ್ತಲ ಬಾಗಿಲ ಚಿಲಕ ತೆಗೆಯುವ ಕಾವಲುಗಾರನ ಹಾಗೆ ರೂಟರ್ ವರ್ತಿಸುತ್ತದೆ. ಒಳಗಿರುವುದು ವೈರಸ್ ಆದರೂ ಅದಕ್ಕೆ ಭೇದವಿಲ್ಲ; 2008ರಲ್ಲಿ ಹಬ್ಬಿದ ಕಾನ್‌ಫಿಕರ್ ಇದೇ ಸೌಲಭ್ಯವನ್ನು ಬಳಸಿಕೊಂಡಿತ್ತು.

ಇದನ್ನು ಖಾತ್ರಿಪಡಿಸಿಕೊಳ್ಳಲು ನಾನು ಲ್ಯಾಪ್‌ಟಾಪ್‌ನಿಂದಲೇ ಡಿವಿಆರ್‌ನ ಹೆಸರಿನಲ್ಲಿ ಒಂದು ಕೋರಿಕೆ ಕಳುಹಿಸಿದೆ:

```
upnpc -a 192.168.1.20 8000 8088 TCP
```

ರೂಟರ್ ಮರುಮಾತಿಲ್ಲದೆ ಹೊರಗಿನ 8088ನ್ನು ಡಿವಿಆರ್‌ನ 8000ಕ್ಕೆ ಜೋಡಿಸಿತು. ಅಂದರೆ ಒಂದು ಉಪಕರಣವು ತನಗಷ್ಟೇ ಅಲ್ಲ, ಪಕ್ಕದ ಉಪಕರಣಕ್ಕೂ ದಾರಿ ತೆರೆಯಬಲ್ಲದು. ಕೆಲವು ರೂಟರ್‌ಗಳಲ್ಲಿ ಸುರಕ್ಷಿತ ವಿಧಾನ ಎಂಬ ಆಯ್ಕೆಯಿದ್ದು, ಕೇಳಿದವನ ಸ್ವಂತ ವಿಳಾಸಕ್ಕೆ ಮಾತ್ರ ಪೋರ್ಟ್ ಕೊಡುತ್ತದೆ. ಸೇವಾದಾರರು ಕೊಟ್ಟಿದ್ದ ನನ್ನ ಹಳೆಯ ರೂಟರ್‌ನಲ್ಲಿ ಅದು ಇರಲಿಲ್ಲ. ಇದಿಷ್ಟು ಮೊದಲನೆಯ ಆಯ್ಕೆಯ ಕಥೆ. ಅನುಕೂಲದ ವಿಷಯದಲ್ಲಿ ಅದನ್ನು ಮೀರಿಸುವುದು ಬೇರೆ ಇಲ್ಲ, ಅದು ನಿಜ.

ಎರಡನೆಯ ಆಯ್ಕೆ ಎಂದರೆ ಯುಪಿಎನ್‌ಪಿ ನಿಲ್ಲಿಸಿ, ರೂಟರ್‌ನ ಪೋರ್ಟ್ ಫಾರ್ವರ್ಡಿಂಗ್ ಪುಟದಲ್ಲಿ 8000ವನ್ನು ಮಾತ್ರ ಡಿವಿಆರ್‌ಗೆ ಕೈಯಾರೆ ಜೋಡಿಸುವುದು. ಕಾಗದದ ಮೇಲೆ ಇದು ಚೊಕ್ಕವಾಗಿಯೇ ಕಾಣುತ್ತದೆ. ನಮ್ಮಲ್ಲಿ ಅದನ್ನು ಹಾಳು ಮಾಡಿದ್ದು ಕರೆಂಟ್. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ರೂಟರ್, ಡಿವಿಆರ್, ಟಿವಿ ಎಲ್ಲವೂ ಒಟ್ಟಿಗೇ ಎದ್ದು ಕೂರುತ್ತವೆ. ವಿಳಾಸ ಹಂಚಿದ ಪಟ್ಟಿಯನ್ನು ನನ್ನ ಹಳೆಯ ರೂಟರ್ ನೆನಪಿಟ್ಟುಕೊಳ್ಳುತ್ತಿರಲಿಲ್ಲವಾದ್ದರಿಂದ ಮೊದಲು ಕೇಳಿದವರಿಗೆ ಮೊದಲ ವಿಳಾಸ ಸಿಗುತ್ತಿತ್ತು. ಒಮ್ಮೆ 192.168.1.20 ಟಿವಿಯ ಪಾಲಾಯಿತು, ಡಿವಿಆರ್‌ಗೆ ಬೇರೆ ಸಂಖ್ಯೆ ಸಿಕ್ಕಿತು. ಫಾರ್ವರ್ಡಿಂಗ್ ಪುಟದಲ್ಲಿ ಮಾತ್ರ ನಾನು ಬರೆದ ಸಾಲು ಹಾಗೆಯೇ ಇತ್ತು, ಹಸಿರು ಗುರುತಿನ ಸಮೇತ. ಹೊರಗಿನಿಂದ ಬಂದ ಸಂಪರ್ಕಗಳೆಲ್ಲ ಟಿವಿಯ ಬಾಗಿಲು ತಟ್ಟುತ್ತಿದ್ದವು.

ಈ ತೊಂದರೆಯನ್ನು ಗುರುತಿಸುವುದು ಹೇಗೆಂದರೆ, ಮನೆಯ ವೈಫೈಯಲ್ಲಿ ಕ್ಯಾಮೆರಾ ಚಿತ್ರ ಬರುತ್ತದೆ, ಮೊಬೈಲ್ ಡೇಟಾದಲ್ಲಿ ಬಹಳ ಹೊತ್ತು ಸುತ್ತಿ ಸಂಪರ್ಕ ಕಡಿಯುತ್ತದೆ. ಆಗ ಫಾರ್ವರ್ಡಿಂಗ್ ಪುಟವನ್ನು ದಿಟ್ಟಿಸಿ ಪ್ರಯೋಜನವಿಲ್ಲ. ರೂಟರ್ ವಿಳಾಸ ಹಂಚಿದ ಡಿಎಚ್‌ಸಿಪಿ ಪಟ್ಟಿಯನ್ನು ತೆರೆದು, ಡಿವಿಆರ್‌ನ ಯಂತ್ರಕ್ಕೇ ಅಂಟಿಕೊಂಡಿರುವ ಮ್ಯಾಕ್ ವಿಳಾಸದ ಎದುರು ಯಾವ ಐಪಿ ಇದೆಯೆಂದು ನೋಡಬೇಕು. ಪರಿಹಾರವೂ ಅಲ್ಲೇ ಇದೆ: ಆ ಮ್ಯಾಕ್ ವಿಳಾಸಕ್ಕೆ ಫಾರ್ವರ್ಡಿಂಗ್ ಸಾಲಿನಲ್ಲಿರುವ ಐಪಿಯನ್ನೇ ಕಾಯ್ದಿರಿಸುವುದು. ಪರೀಕ್ಷೆಯನ್ನು ಯಾವಾಗಲೂ ಮೊಬೈಲ್ ಡೇಟಾದಿಂದಲೇ ಮಾಡಬೇಕೆಂಬುದು ಇನ್ನೊಂದು ಮಾತು. ಏಕೆಂದರೆ ಮನೆಯೊಳಗಿನಿಂದ ನಮ್ಮದೇ ಸಾರ್ವಜನಿಕ ವಿಳಾಸಕ್ಕೆ ಹೋಗಿ ಹಿಂತಿರುಗುವ ಸಂಪರ್ಕವನ್ನು ಅನೇಕ ರೂಟರ್‌ಗಳು ಬಿಟ್ಟುಕೊಡುವುದಿಲ್ಲ. ವೈಫೈಯಲ್ಲಿ ಕುಳಿತು ಪರೀಕ್ಷಿಸಿದವರು ಸರಿಯಾಗಿಯೇ ಇರುವುದನ್ನು ಕೆಟ್ಟಿದೆ ಎಂದುಕೊಳ್ಳುತ್ತಾರೆ.

ವಿಳಾಸವನ್ನು ಕಾಯ್ದಿರಿಸಿದ ಮೇಲೆ ಎಲ್ಲವೂ ಸುಸೂತ್ರವಾಗಿ ನಡೆಯಿತು. ಆದರೂ ಈ ಆಯ್ಕೆಯನ್ನು ನಾನು ಬಿಟ್ಟೆ. ಕೈಯಾರೆ ತೆರೆದ ಪೋರ್ಟ್ ಯುಪಿಎನ್‌ಪಿ ತೆರೆದ ಪೋರ್ಟ್‌ಗಿಂತ ಒಂದಿನಿತೂ ಕಡಿಮೆ ತೆರೆದಿರುವುದಿಲ್ಲ. ಅಲ್ಲಿ ನನಗೆ ತಿಳಿಯದೆ ಡಿವಿಆರ್ ಹೊರಗೆ ಕಾಣುತ್ತಿತ್ತು, ಇಲ್ಲಿ ನನಗೆ ತಿಳಿದೇ ಕಾಣುತ್ತಿತ್ತು, ವ್ಯತ್ಯಾಸ ಅಷ್ಟೇ. 2016ರ ಮಿರಾಯ್ ದಾಳಿಯು ಕಾರ್ಖಾನೆಯ ಪಾಸ್‌ವರ್ಡ್‌ಗಳನ್ನೇ ಪ್ರಯೋಗಿಸಿ ಇಂಥ ಡಿವಿಆರ್, ಕ್ಯಾಮೆರಾಗಳನ್ನು ಹಿಂಡು ಹಿಂಡಾಗಿ ವಶಪಡಿಸಿಕೊಂಡಿತ್ತು. ಪಾಸ್‌ವರ್ಡ್ ಬದಲಿಸಬಹುದು, ಆದರೆ ವರ್ಷಗಳಿಂದ ಹೊಸ ತಂತ್ರಾಂಶ ಬಾರದ ಪೆಟ್ಟಿಗೆಯನ್ನು ಇಂಟರ್‌ನೆಟ್‌ಗೆ ನೇರವಾಗಿ ಒಡ್ಡಲು ನನಗೆ ಮನಸ್ಸಾಗಲಿಲ್ಲ.

ಆದ್ದರಿಂದ ಮೂಲ ತಂತ್ರಾಂಶದ ಬದಲು ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಬಹುದಾದ ಒಂದು ಸಾಧಾರಣ ರೂಟರ್ ಕೊಂಡೆ. ಅದರಲ್ಲಿ ವೈರ್‌ಗಾರ್ಡ್ ಹಾಕಿ, ಯುಡಿಪಿ 51820 ಒಂದನ್ನು ಮಾತ್ರ ಹೊರಗೆ ತೆರೆದೆ. ವೈರ್‌ಗಾರ್ಡ್‌ನ ಗುಣವೆಂದರೆ, ಸರಿಯಾದ ಕೀಲಿ ಇಲ್ಲದೆ ಬಂದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲ. ಪೋರ್ಟ್‌ಗಳನ್ನು ತಡಕುವವನಿಗೆ ಅಲ್ಲಿ ಏನಾದರೂ ಇದೆಯೆಂಬ ಸುಳಿವೇ ಸಿಗುವುದಿಲ್ಲ. ನಾನು ಮಂಡಿಪೇಟೆಯ ಅಂಗಡಿಯಲ್ಲಿದ್ದಾಗ ಮೊಬೈಲ್‌ನಲ್ಲಿ ವೈರ್‌ಗಾರ್ಡ್ ಆ್ಯಪ್‌ನ ಗುಂಡಿ ಒತ್ತಿದರೆ, ಡಿವಿಆರ್ ಮನೆಯ ವೈಫೈಯಲ್ಲಿ ಕಂಡಂತೆಯೇ 192.168.1.20ರಲ್ಲಿ ಕಾಣುತ್ತದೆ. ನಮ್ಮ ಸಾರ್ವಜನಿಕ ಐಪಿ ಆಗಾಗ ಬದಲಾಗುವುದರಿಂದ ಐಪಿ ಬದಲಾದರೂ ಮನೆಯನ್ನೇ ತೋರಿಸುವ ಡೈನಾಮಿಕ್ ಡಿಎನ್‌ಎಸ್ ಹೆಸರೊಂದು ಬೇಕಾಯಿತು. ಐಪಿ ಬದಲಾದ ಮೇಲೆ ಮೊಬೈಲ್ ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುವುದುಂಟು. ಗುಂಡಿಯನ್ನು ಒಮ್ಮೆ ಆರಿಸಿ ಹೊತ್ತಿಸಿದರೆ ಸರಿಹೋಗುತ್ತದೆ. ದಿನಕ್ಕೊಂದು ಸಲ ಕ್ಯಾಮೆರಾ ನೋಡುವ ನನ್ನಂಥವನಿಗೆ ಇದು ಭಾರವಲ್ಲ, ಗಂಟೆಗೊಮ್ಮೆ ನೋಡುವವರಿಗೆ ಬೇಸರ ತರಬಹುದು.

ಅಂಥವರು ಡಿವಿಆರ್ ತಯಾರಕರ ಆ್ಯಪ್‌ನಲ್ಲಿಯೇ ನೋಡಬಹುದು. ಯುಪಿಎನ್‌ಪಿ ನಿಲ್ಲಿಸಿದರೆ ಮೊಬೈಲ್‌ನಲ್ಲಿ ಕ್ಯಾಮೆರಾ ಬರುವುದಿಲ್ಲ ಎಂಬ ಅಂಜಿಕೆ ಹಲವರಲ್ಲಿದೆ, ಆದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸೇರಿಸುವ ಡಿವಿಆರ್‌ಗಳು ತಾವಾಗಿಯೇ ಹೊರಗಿನ ಸರ್ವರ್‌ಗೆ ಸಂಪರ್ಕ ಕಟ್ಟಿಕೊಳ್ಳುತ್ತವೆ. ಅದಕ್ಕೆ ಒಳಬರುವ ಪೋರ್ಟ್ ಬೇಕಿಲ್ಲ. ನಮ್ಮ ಮನೆಯಲ್ಲಿ ಆ ಮೂರೂ ಸಾಲುಗಳನ್ನು ಅಳಿಸಿದ ಮೇಲೂ ಆ್ಯಪ್ ಎಂದಿನಂತೆ ಓಡುತ್ತಿತ್ತು. ತಯಾರಕರ ಸರ್ವರ್ ಅನ್ನು ನಂಬಬೇಕು ಎಂಬುದೊಂದೇ ಅದರ ಬೆಲೆ.

ನಿಲ್ಲಿಸುವಾಗ ರೂಟರ್‌ನಲ್ಲಿ ಮಾತ್ರವಲ್ಲ, ಡಿವಿಆರ್‌ನ ನೆಟ್‌ವರ್ಕ್ ಪುಟದಲ್ಲಿಯೂ ಯುಪಿಎನ್‌ಪಿಯನ್ನು ತೆಗೆದು, ರೂಟರ್ ಅನ್ನು ಒಮ್ಮೆ ರೀಸ್ಟಾರ್ಟ್ ಮಾಡುವುದು ಒಳ್ಳೆಯದು. ಹಳೆಯ ಜೋಡಣೆಗಳು ಅಲ್ಲಿಯವರೆಗೆ ಉಳಿದುಕೊಳ್ಳುವ ರೂಟರ್‌ಗಳಿವೆ. ಐಪಿವಿ6 ಸಂಪರ್ಕ ಇರುವವರು ಅದರ ಫೈರ್‌ವಾಲ್ ಚಾಲೂ ಇದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು, ಏಕೆಂದರೆ ಅಲ್ಲಿ ಪ್ರತಿ ಉಪಕರಣಕ್ಕೂ ಸ್ವಂತ ಸಾರ್ವಜನಿಕ ವಿಳಾಸವಿರುತ್ತದೆ.

ಚಿತ್ರದುರ್ಗದಲ್ಲಿರುವ ನನ್ನ ಭಾವನ ಮನೆಯಲ್ಲಿ ಈ ಚರ್ಚೆಯೇ ಬೇರೆ ರೂಪ ತಾಳಿತು. ಅವರ ರೂಟರ್‌ನ ಪುಟದಲ್ಲಿ ಹೊರಬದಿಯ ವಿಳಾಸವು 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳನ್ನು ಸೇವಾದಾರರು ಹಲವು ಮನೆಗಳಿಗೆ ಒಂದೇ ಸಾರ್ವಜನಿಕ ಐಪಿ ಹಂಚುವಾಗ ಬಳಸುತ್ತಾರೆ. ಅಲ್ಲಿ ಯುಪಿಎನ್‌ಪಿ ಪಟ್ಟಿ ತುಂಬ ಸಾಲುಗಳಿದ್ದರೂ ಐಪಿವಿ4 ಮೂಲಕ ಹೊರಗಿನಿಂದ ಏನೂ ಒಳಬರುವುದಿಲ್ಲ, ನನ್ನ ವೈರ್‌ಗಾರ್ಡ್ ಏರ್ಪಾಡೂ ನಡೆಯುವುದಿಲ್ಲ. ಕೆಲಸಕ್ಕೆ ಬಾರದ ಯುಪಿಎನ್‌ಪಿಯನ್ನು ನಿಲ್ಲಿಸಿ, ಅವರಿಗೆ ತಯಾರಕರ ಆ್ಯಪ್ ಅನ್ನೇ ಉಳಿಸಿಕೊಟ್ಟೆ.

ಯುಪಿಎನ್‌ಪಿ ಗೆದ್ದದ್ದು ಒಂದೇ ಕಡೆ, ಮಗನ ಪ್ಲೇಸ್ಟೇಷನ್‌ನಲ್ಲಿ. ನಿಲ್ಲಿಸಿದ ಮೇಲೆ, ಇತರ ಆಟಗಾರರೊಡನೆ ಎಷ್ಟು ಸಲೀಸಾಗಿ ಜೋಡಿಕೊಳ್ಳಬಹುದೆಂದು ತೋರಿಸುವ ಅದರ ನ್ಯಾಟ್ ಟೈಪ್ 2 ಇದ್ದದ್ದು 3ಕ್ಕೆ ಇಳಿದು, ಆಟ ನಡೆದರೂ ಕೆಲವು ಗೆಳೆಯರ ಧ್ವನಿ ಕೇಳದಾಯಿತು. ಆಟದಿಂದ ಆಟಕ್ಕೆ ಪೋರ್ಟ್ ಬದಲಾಗುವುದರಿಂದ ಕೈಯಾರೆ ತೆರೆಯುತ್ತ ಕೂರುವುದು ಸಾಧ್ಯವಿಲ್ಲ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಯುಪಿಎನ್‌ಪಿಯನ್ನು ನಡೆಸುವ ಮಿನಿಯುಪಿಎನ್‌ಪಿಡಿಗೆ ಯಾರ ಕೋರಿಕೆಯನ್ನು ಒಪ್ಪಬೇಕೆಂದು ಹೇಳಬಹುದಾದ್ದರಿಂದ, ಪ್ಲೇಸ್ಟೇಷನ್‌ಗೆ 192.168.1.50 ಎಂಬ ವಿಳಾಸ ಕಾಯ್ದಿರಿಸಿ ಅದೊಂದಕ್ಕೆ ಮಾತ್ರ ಅನುಮತಿ ಕೊಟ್ಟೆ:

```
allow 1024-65535 192.168.1.50/32 1024-65535
deny 0-65535 0.0.0.0/0 0-65535
```

ಮೊದಲ ಸಾಲು ಆ ವಿಳಾಸಕ್ಕೆ 1024ರ ಮೇಲಿನ ಪೋರ್ಟ್‌ಗಳನ್ನು ಕೊಡುತ್ತದೆ, ಎರಡನೆಯದು ಉಳಿದವರೆಲ್ಲರನ್ನೂ ನಿರಾಕರಿಸುತ್ತದೆ. ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುವುದರಿಂದ ಈ ಕ್ರಮ ತಪ್ಪಬಾರದು. ಮನೆಯಲ್ಲಿ ಆಟದ ಪೆಟ್ಟಿಗೆ ಇಲ್ಲದವರಿಗೆ ಇಷ್ಟೂ ಬೇಕಿಲ್ಲ, ಯುಪಿಎನ್‌ಪಿಯನ್ನು ಪೂರ್ತಿಯಾಗಿಯೇ ನಿಲ್ಲಿಸಬಹುದು.