ಕುರ್ಚಿ ರಿಪೇರಿಯವರು “ಬಿಚ್ಚದೆಯೇ ಗಟ್ಟಿ ಮಾಡುತ್ತೇವೆ” ಎಂದರೆ ದಯವಿಟ್ಟು ಇದನ್ನು ಓದಿ

ಅಲುಗಾಡುವ ಊಟದ ಕುರ್ಚಿಗಳನ್ನು ಮನೆಗೇ ಬಂದು, ಬಿಚ್ಚದೆ, ಒಂದೇ ದಿನದಲ್ಲಿ ಗಟ್ಟಿ ಮಾಡಿಕೊಡುತ್ತೇವೆ ಎನ್ನುವವರಿಂದ ನಾನು ಮೋಸಹೋಗಿದ್ದೇನೆ. ಮೈಸೂರಿನಲ್ಲಿ ಮನೆಮನೆಗೆ ಹೋಗಿ ಪೀಠೋಪಕರಣ ರಿಪೇರಿ ಮಾಡುವ ಒಂದು ತಂಡ ಅದು. ಕುರ್ಚಿಯೊಂದಕ್ಕೆ ₹700ರಂತೆ ನಾಲ್ಕು ಕುರ್ಚಿಗಳಿಗೆ ₹2,800 ತೆಗೆದುಕೊಂಡು, ಸಂದುಗಳಿಗೆ ತಲೆಯಿಲ್ಲದ ಸಣ್ಣ ಮೊಳೆ ಬಡಿದು, ಅದರ ಮೇಲೆ ಬಣ್ಣದ ಪುಟ್ಟಿ ಮೆತ್ತಿ, ಹೊರಗಿನಿಂದ ಅಂಟು ಸವರಿ, ಪಾಲಿಶ್ ಹೊಡೆದು ಹೋದರು. ಹಣ ಹೋದದ್ದಕ್ಕಿಂತ ಹೆಚ್ಚಾಗಿ ನನ್ನನ್ನು ಕೆರಳಿಸಿರುವುದು ಬೇರೆ. ಮೊದಲಿದ್ದ ಸಣ್ಣ ತೊಂದರೆಯನ್ನು ಅವರು ದೊಡ್ಡದು ಮಾಡಿ ಹೋದರು.

ಕುರ್ಚಿಗಳು ತೇಗದವು, ಸ್ಥಳೀಯ ಬಡಗಿಯಿಂದ ಮಾಡಿಸಿದವು. ಕಾಲುಗಳ ನಡುವೆ ಕೆಳಗಡೆ ಅಡ್ಡಪಟ್ಟಿ ಇಲ್ಲದ ಮಾದರಿ. ಆಸನದ ಕೆಳಗಿನ ನಾಲ್ಕು ಪಟ್ಟಿಗಳ ತುದಿಯಲ್ಲಿ ಕಡೆದ ನಾಲಿಗೆಗಳು ಕಾಲುಗಳಲ್ಲಿ ಕೊರೆದ ಗುಳಿಗಳೊಳಗೆ ಕೂತಿರುತ್ತವೆ. ಇಡೀ ಕುರ್ಚಿಯನ್ನು ಹಿಡಿದಿಡುವುದು ಆ ನಾಲಿಗೆ ಮತ್ತು ಅಂಟು ಮಾತ್ರ. ಇಂಥ ಕುರ್ಚಿಯಲ್ಲಿ ಮೊದಲು ಸಡಿಲವಾಗುವುದು ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುವ ಸಂದು, ಏಕೆಂದರೆ ಕೂತವರು ಬೆನ್ನು ಒರಗಿದಾಗಲೆಲ್ಲ ಉದ್ದನೆಯ ಒರಗು ಸನ್ನೆಗೋಲಾಗಿ ಆ ಒಂದು ಸಂದನ್ನೇ ಮೀಟುತ್ತದೆ. ಜತೆಗೆ ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ವರ್ಷಗಳು ಕಳೆದಂತೆ ನಾಲಿಗೆ ಗುಳಿಯೊಳಗೆ ಸಡಿಲವಾಗುತ್ತದೆ. ನಮ್ಮ ಕುರ್ಚಿಗಳಿಗೂ ಅದೇ ಆಗಿತ್ತು. ಆಸನವನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಒರಗನ್ನು ಇನ್ನೊಂದು ಕೈಯಲ್ಲಿ ಹಿಂದೆಮುಂದೆ ಆಡಿಸಿದರೆ ಹಿಂಭಾಗದ ಸಂದು ಬಾಯಿ ತೆರೆದು ಮುಚ್ಚುವುದು ಕಣ್ಣಿಗೇ ಕಾಣುತ್ತಿತ್ತು. ಮುಂಭಾಗದ ಸಂದುಗಳು ಬಹುಮಟ್ಟಿಗೆ ಗಟ್ಟಿಯಾಗಿಯೇ ಇದ್ದವು.

ಬಂದವರು ಎಲ್ಲವನ್ನೂ ಪೋರ್ಟಿಕೋಗೆ ಸಾಗಿಸಿಕೊಂಡು, “ಧೂಳು ಬರುತ್ತೆ ಮೇಡಂ, ನೀವು ಒಳಗಿರಿ” ಎಂದರು. ಸುತ್ತಿಗೆಯ ಸದ್ದು ಕೇಳಿದಾಗ ಹೊರಗೆ ಬಂದು ಕೇಳಿದೆ. “ಸಂದು ಕೂರಿಸ್ತಾ ಇದ್ದೀವಿ ಮೇಡಂ, ತಟ್ಟಲೇಬೇಕಲ್ಲ” ಎಂಬ ಉತ್ತರ ಬಂತು. ತಟ್ಟಬೇಕೆಂಬುದು ನಿಜವೇ, ಆದ್ದರಿಂದ ಅನುಮಾನ ಪಡಲು ಕಾರಣವಿರಲಿಲ್ಲ. ಮಧ್ಯಾಹ್ನದೊಳಗೆ ನಾಲ್ಕೂ ಕುರ್ಚಿಗಳು ಮಿರಮಿರನೆ ಹೊಳೆಯುತ್ತ ಒಳಗೆ ಬಂದವು, ಅಲ್ಲಾಡಿಸಿದರೆ ಅಲುಗಲಿಲ್ಲ. “ಒಂದು ವರ್ಷ ಗ್ಯಾರಂಟಿ ಮೇಡಂ” ಎಂದು ಹಣ ಪಡೆದು ಹೋದರು. ಮರದ ಅಂಟು ಪೂರ್ತಿ ಬಲ ಪಡೆಯಲು ಇಪ್ಪತ್ನಾಲ್ಕು ಗಂಟೆ ಬೇಕು. ಅದರಲ್ಲಿ ಮೊದಲ ಕೆಲವು ಗಂಟೆಯಾದರೂ ಸಂದನ್ನು ಬಿಗಿದು ಇಡಬೇಕು. ಮಧ್ಯಾಹ್ನಕ್ಕೇ ಅಲುಗದೆ ನಿಂತಿದ್ದ ಆ ಕುರ್ಚಿಗಳನ್ನು ಹಿಡಿದಿದ್ದದ್ದು ಅಂಟಲ್ಲ, ಮೊಳೆ.

ದೀಪಾವಳಿಗೆ ಬೀಗರು ಬಂದಿದ್ದರು. ಊಟದ ನಡುವೆ ನನ್ನ ಸೊಸೆಯ ತಂದೆ ಸ್ವಲ್ಪ ಹಿಂದಕ್ಕೆ ಒರಗಿದ್ದೇ ತಡ, ಬಲಗಡೆಯ ಹಿಂಗಾಲು ಹೊರಕ್ಕೆ ಚಾಚಿಕೊಂಡು ಅವರು ಓರೆಯಾಗಿ ನೆಲಕ್ಕೆ ಕುಸಿದರು. ದೇವರ ದಯೆಯಿಂದ ಪೆಟ್ಟಾಗಲಿಲ್ಲ. ಅವರು ನಕ್ಕು ಎದ್ದರು, ನನಗೆ ಮಾತ್ರ ಅಲ್ಲಿ ನಿಲ್ಲಲಾಗದಷ್ಟು ನಾಚಿಕೆಯಾಯಿತು. ಎಲ್ಲರೂ ಹೋದ ಮೇಲೆ ಕುರ್ಚಿಯನ್ನು ಬೋರಲು ಹಾಕಿ ನೋಡಿದೆ. ಹೊರಬಂದಿದ್ದ ನಾಲಿಗೆಯ ಮೇಲೆ ಮೂಲ ಬಡಗಿ ಹಾಕಿದ್ದ ಹಳೆಯ ಅಂಟು ಕಂದು ಹಕ್ಕಳೆಯಾಗಿ ಹಾಗೇ ಇತ್ತು. ಅದನ್ನು ಯಾರೂ ಮುಟ್ಟಿರಲೇ ಇಲ್ಲ. ಹೊಸ ಅಂಟು ಸಂದಿನ ಬಾಯಿಯ ಸುತ್ತ ತೆಳುವಾದ ಪೊರೆಯಂತೆ ಹೊರಗೇ ಒಣಗಿತ್ತು, ಉಗುರಿನಿಂದ ಎಬ್ಬಿಸಿದರೆ ಸಿಪ್ಪೆಯಂತೆ ಬಂತು. ನಾಲಿಗೆಯ ನಡುವೆ ಮೊಳೆ ಹೋದ ಜಾಗದಲ್ಲಿ ಮರ ಉದ್ದಕ್ಕೆ ಸೀಳಿತ್ತು. ಉಳಿದ ಕುರ್ಚಿಗಳ ಹಿಂಗಾಲುಗಳನ್ನು ಟಾರ್ಚ್ ಹಾಕಿ ನೋಡಿದರೆ ಪ್ರತಿಯೊಂದರಲ್ಲೂ ಪುಟ್ಟಿಯ ಚುಕ್ಕೆಗಳು. ನಾನು ಮೋಸಹೋದೆನೆಂದು ಅರಿವಾದದ್ದು ಆ ಚುಕ್ಕೆಗಳನ್ನು ಕಂಡಾಗ. ಮೊಳೆಯನ್ನು ಅಷ್ಟು ಅಚ್ಚುಕಟ್ಟಾಗಿ ಮುಚ್ಚಬೇಕಾದರೆ ಅದು ತಪ್ಪೆಂದು ಅವರಿಗೆ ಗೊತ್ತಿತ್ತು ಎಂದೇ ಅರ್ಥವಲ್ಲವೇ?

ಫೋನ್ ಮಾಡಿದೆ. ಮೊದಲ ಉತ್ತರ: “ತುಂಬಾ ತೂಕದವರು ಕೂತಿರಬೇಕು ಮೇಡಂ.” ಫೋಟೋ ಕಳಿಸಿದ ಮೇಲೆ: “ಮೊಳೆ ಹಾಕಿದ್ದು ಎಕ್ಸ್ಟ್ರಾ ಸಪೋರ್ಟ್‌ಗೆ ಮೇಡಂ, ಅದಕ್ಕೆ ನಾವು ಚಾರ್ಜ್ ಮಾಡಿಲ್ಲ.” ಹಳೆಯ ಅಂಟು ಏಕೆ ತೆಗೆಯಲಿಲ್ಲ ಎಂದು ಕೇಳಿದಾಗ: “ನೀವೇ ಬಿಚ್ಚಬೇಡಿ ಅಂದಿದ್ರಿ.” ನಾನು ಹಾಗೆ ಹೇಳಿರಲಿಲ್ಲ. ಬಿಚ್ಚದೆ ಮಾಡುತ್ತೇವೆ ಎಂಬುದು ಅವರದೇ ಮಾತು, ಅವರ ಚೀಟಿಯಲ್ಲೇ ಅಚ್ಚಾಗಿದೆ. ಗ್ಯಾರಂಟಿಯ ಮಾತೆತ್ತಿದಾಗ ಬಂದ ಉತ್ತರವನ್ನಂತೂ ಮರೆಯಲಾರೆ: “ಗ್ಯಾರಂಟಿ ಅಂಟಿಗೆ ಮೇಡಂ, ಮರ ಸೀಳಿದ್ರೆ ನಾವೇನು ಮಾಡೋಕಾಗುತ್ತೆ?” ಮರ ಸೀಳಿದ್ದು ಅವರ ಮೊಳೆಯಿಂದಲೇ. ಆ ಮೇಲೆ ಕರೆ ಎತ್ತುವುದನ್ನೇ ನಿಲ್ಲಿಸಿದರು.

ಕೊನೆಗೆ ನಂಜನಗೂಡಿನ ಕಡೆಯ ಹಿರಿಯ ಆಚಾರ್ರೊಬ್ಬರನ್ನು ಕರೆಸಿದೆ. ಬಂದವರು ಮೊಳೆಯ ಚುಕ್ಕೆಗಳನ್ನು ನೋಡಿ ತಲೆ ಅಲ್ಲಾಡಿಸಿದರು. “ಪೂರ್ತಿ ಬಿಚ್ಚೋದು ಬೇಡ ಕಣಮ್ಮಾ, ಮುಂದಿನ ಸಂದು ಗಟ್ಟಿ ಇದೆ, ಅದನ್ನ ಎಬ್ಬಿಸಿದ್ರೆ ಅದೂ ಕೆಡುತ್ತೆ. ಸಡಿಲ ಇರೋದನ್ನ ಮಾತ್ರ ತೆರೀಬೇಕು. ಆದ್ರೆ ತೆರೀಲೇಬೇಕು” ಎಂದರು. ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ. ಕುರ್ಚಿಯನ್ನು ಪೂರ್ತಿ ಬಿಚ್ಚದೆ ಸರಿಮಾಡಬಹುದು ಎಂಬುದು ಸುಳ್ಳಲ್ಲ. ಸಂದನ್ನೇ ತೆರೆಯದೆ ಸರಿಮಾಡಬಹುದು ಎಂಬುದು ಸುಳ್ಳು. ಮರದ ಅಂಟು ಬರಿಯ ಮರದ ನಾರಿನೊಳಗೆ ಇಳಿದು ಹಿಡಿಯುತ್ತದೆ, ಒಣಗಿದ ಹಳೆಯ ಅಂಟಿನ ಮೇಲೆ ಹಿಡಿಯುವುದಿಲ್ಲ. ಹಕ್ಕಳೆಯ ಮೇಲೆ ಎಷ್ಟು ಫೆವಿಕಾಲ್ ಸುರಿದರೂ ಅದು ಹಕ್ಕಳೆಯ ಜತೆಗೇ ಕಿತ್ತು ಬರುತ್ತದೆ.

ಕುಸಿದಿದ್ದ ಕುರ್ಚಿಗೆ ಆಚಾರ್ರು ಮಾಡಿದ ಕೆಲಸ ಹೀಗಿತ್ತು. ಮೊದಲು ಕೆಳಗಿನ ಸ್ಕ್ರೂಗಳನ್ನು ಬಿಚ್ಚಿ ಮೆತ್ತೆಯ ಹಲಗೆಯನ್ನು ತೆಗೆದಿಟ್ಟರು. ಎಡಗಡೆಯ ಮೊಳೆಯ ಸುತ್ತ ಸಣ್ಣ ಉಳಿಯಿಂದ ಕೆತ್ತಿ ಇಕ್ಕಳದಿಂದ ಎಳೆದರು. ಅರ್ಧದಷ್ಟು ಸಮಯ ಈ ಮೊಳೆ ಕೀಳುವುದಕ್ಕೇ ಹೋಯಿತು. ಬಳಿಕ ಹಿಂದಿನ ಪಟ್ಟಿಗೆ ಒಳಗಡೆಯಿಂದ ಮರದ ತುಂಡೊಂದನ್ನು ಆನಿಸಿ, ಅದರ ಮೇಲೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಒರಗಿನ ಚೌಕಟ್ಟನ್ನು ಇಡಿಯಾಗಿ ಹಿಂದಕ್ಕೆ ಸರಿಸಿದರು. ಬಲಗಡೆಯ ನಾಲಿಗೆ ಆಗಲೇ ಹೊರಬಂದಿತ್ತು. ಎಡಗಡೆಯದು ತುದಿ ಮಾತ್ರ ಗುಳಿಯಲ್ಲಿ ಉಳಿಯುವಷ್ಟು ಹೊರಬಂತು. ಮುಂಗಾಲುಗಳ ಸಂದುಗಳನ್ನು ಅವರು ತೆರೆಯಲೇ ಇಲ್ಲ.

ತೆರೆದ ಸಂದಿಗೆ ಬಿಸಿ ಮಾಡಿದ ವಿನೆಗರ್ ಅನ್ನು ಸಿರಿಂಜಿನಿಂದ ಹಾಕಿದರು. ಹಳೆಯ ಅಂಟು ಅದರಿಂದ ಮೆತ್ತಗಾಗುತ್ತದೆ. ನಂತರ ನಾಲಿಗೆಯನ್ನು ಉಳಿಯಿಂದ, ಗುಳಿಯ ಒಳಗೋಡೆಯನ್ನು ಹ್ಯಾಕ್ಸಾ ಬ್ಲೇಡಿನ ಮುರಿದ ತುಂಡಿನಿಂದ ಕೆರೆದು, ಮರದ ಬಣ್ಣ ಕಾಣುವವರೆಗೂ ಬಿಡಲಿಲ್ಲ. ಅಂದು ಅಂಟು ಹಾಕಲಿಲ್ಲ, ಒದ್ದೆ ಆರಬೇಕೆಂದು ಮರುದಿನ ಬಂದರು. ಒಂದೇ ದಿನದಲ್ಲಿ ಮುಗಿಸುತ್ತೇವೆ ಎನ್ನುವವರಿಗೆ ಈ ಹೆಜ್ಜೆಗೆ ಸಮಯವೇ ಇರುವುದಿಲ್ಲ.

ಮರುದಿನ ಸಂದನ್ನು ಅಂಟಿಲ್ಲದೆ ಮುಚ್ಚಿ ನೋಡಿದಾಗ ಬಲಗಡೆಯ ನಾಲಿಗೆ ಗುಳಿಯಲ್ಲಿ ಇನ್ನೂ ಆಡುತ್ತಿತ್ತು. ಬಿಳಿ ಅಂಟು ತೆಳುವಾಗಿ ಒತ್ತಿಕೊಂಡ ಕಡೆ ಮಾತ್ರ ಬಲವಾಗಿ ಹಿಡಿಯುತ್ತದೆ, ಖಾಲಿ ಜಾಗವನ್ನು ತುಂಬಿದರೆ ಅದಕ್ಕೆ ಬಲವಿರುವುದಿಲ್ಲ. ಆದ್ದರಿಂದ ನಾಲಿಗೆಯ ಸೀಳಿಗೆ ಅಂಟು ತುಂಬಿ ಬಿಗಿದು ಒಣಗಿಸಿದ ಮೇಲೆ, ಅದರ ಕೆನ್ನೆಗೆ ತೇಗದ ತೆಳು ಚಕ್ಕೆಯೊಂದನ್ನು ಅಂಟಿಸಿ, ಕೈಯಿಂದ ಒತ್ತಿದರೆ ಬಿಗಿಯಾಗಿ ಒಳಹೋಗುವಷ್ಟು ಹೆರೆದರು. ಬಹಳ ಸಡಿಲವಿದ್ದರೆ ಎರಡು ಟ್ಯೂಬುಗಳ ಎಪಾಕ್ಸಿ ಬಳಸಬಹುದಂತೆ, ಆದರೆ ಅದನ್ನು ಹಾಕಿದ ಸಂದನ್ನು ಮುಂದೆ ತೆರೆಯುವುದು ಬಲು ಕಷ್ಟ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಾಕುವ ಮುನ್ನ ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿದರು.

ಅಂಟನ್ನು ನಾಲಿಗೆಗೂ ಗುಳಿಯ ಗೋಡೆಗೂ ಕಡ್ಡಿಯಿಂದ ಸವರಿ, ಒರಗನ್ನು ಮುಂದಕ್ಕೆ ತಟ್ಟಿ ಕೂರಿಸಿದರು. ಆಸನದ ಸುತ್ತ ಹಗ್ಗವನ್ನು ಎರಡು ಸುತ್ತು ಹಾಕಿ, ನಡುವೆ ಕೋಲು ತೂರಿಸಿ ತಿರುಚಿದಾಗ ಸಂದಿನ ಸುತ್ತಲೂ ಅಂಟಿನ ಸಣ್ಣ ಹನಿಗಳು ಹೊಮ್ಮಿದವು. ಸುತ್ತಲೂ ಹೊಮ್ಮಿದರೆ ಅಂಟು ಎಲ್ಲೆಡೆ ತಲುಪಿದೆ ಎಂದು ತಿಳಿಯಬಹುದು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಕುರ್ಚಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ನಾಲ್ಕೂ ಕಾಲು ಊರಿವೆಯೇ ಎಂದು ನೋಡಿದರು. ಒಂದು ಕಾಲು ಕೊಂಚ ಎತ್ತರ ಕಂಡಾಗ ಹಗ್ಗವನ್ನು ಸರಿಸಿ ಸರಿಮಾಡಿದರು, ಏಕೆಂದರೆ ಅಂಟು ಓರೆಯಲ್ಲೇ ಒಣಗಿದರೆ ಕುರ್ಚಿ ಮುಂದೆ ಕುಂಟುತ್ತಲೇ ಇರುತ್ತದೆ. (ಹಾಗಾದಾಗ ಕಾಲನ್ನೇ ಕತ್ತರಿಸಿ ಸಮ ಮಾಡುವ ಮಹಾನುಭಾವರೂ ಇದ್ದಾರಂತೆ.) ಮರುದಿನದವರೆಗೂ ಹಗ್ಗ ಬಿಚ್ಚಬಾರದೆಂದು ಕಟ್ಟುನಿಟ್ಟಾಗಿ ಹೇಳಿದರು.

ಕೊನೆಗೆ ಬಲ ಕೊಡುವ ಕೆಲಸ. ಆಸನದ ಕೆಳಗೆ, ಪಟ್ಟಿಗಳು ಕೂಡುವ ಒಳಮೂಲೆಗಳಿಗೆ ತ್ರಿಕೋನಾಕಾರದ ಗಟ್ಟಿ ಮರದ ತುಂಡುಗಳನ್ನು ಅಂಟಿಸಿ, ಮೊದಲು ಸಣ್ಣ ತೂತು ಕೊರೆದು, ಎರಡೂ ಪಟ್ಟಿಗಳಿಗೆ ಸ್ಕ್ರೂ ಹಾಕಿದರು. ಕಾಲಿನ ಮೂಲೆಗೆ ತಾಗದಂತೆ ತ್ರಿಕೋನದ ಚೂಪನ್ನು ಕತ್ತರಿಸಿದ್ದರು. ಚೂಪು ಕಾಲಿಗೆ ತಾಗಿ ನಿಂತರೆ ತುಂಡು ಪಟ್ಟಿಗಳ ಮೇಲೆ ಪೂರ್ತಿ ಕೂರುವುದಿಲ್ಲ. ಸ್ಕ್ರೂ ಹೊರಗೆ ಇಣುಕದಷ್ಟೇ ಉದ್ದವಿತ್ತು. ಮುಂಭಾಗದ ಒಂದು ಸಂದು ಮಾತ್ರ ಕೂದಲೆಳೆಯಷ್ಟು ಸಡಿಲವಿತ್ತು. ಅದನ್ನು ತೆರೆಯದೆ, ಒಳಬದಿಯಿಂದ ಗುಳಿಯವರೆಗೆ ಸಣ್ಣ ತೂತು ಕೊರೆದು ಸಿರಿಂಜಿನಿಂದ ಅಂಟು ಇಳಿಸಿದರು. ಇದರ ಬಲದ ಬಗ್ಗೆ ಅವರು ಯಾವ ಭರವಸೆಯನ್ನೂ ಕೊಡಲಿಲ್ಲ. “ಹಳೇ ಅಂಟು ಒಳಗೇ ಇದೆಯಮ್ಮಾ, ಇದು ಮೂಲೆ ತುಂಡಿನ ಬಲದ ಮೇಲೆ ನಿಲ್ಲಬೇಕು” ಎಂದರು. ಗ್ಯಾರಂಟಿ ಕೊಟ್ಟವರ ಬಾಯಿಂದ ಇಂಥ ಒಂದು ಮಾತೂ ಬಂದಿರಲಿಲ್ಲ.

ಕೆಲಸಕ್ಕೆ ಒಪ್ಪುವ ಮುನ್ನ ಹಳೆಯ ಅಂಟನ್ನು ಹೇಗೆ ತೆಗೆಯುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಬಾಗಿಲಿನಿಂದಲೇ ಕಳಿಸಿ. ಅಂಟು ಹಾಕುವ ಮುನ್ನ ತೆರೆದ ಸಂದನ್ನು ಕಣ್ಣಾರೆ ನೋಡಿ, ಧೂಳಿನ ನೆಪ ಹೇಳಿ ಒಳಗೆ ಕಳಿಸಿದರೆ ಹೋಗಬೇಡಿ. ಸಂದಿಗೆ ಮೊಳೆ ಬೇಡವೆಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಅಂಟು ಒಣಗಿ ಹಗ್ಗ ಬಿಚ್ಚುವವರೆಗೂ ಪೂರ್ತಿ ಹಣ ಕೊಡಬೇಡಿ. ಮಧ್ಯಾಹ್ನಕ್ಕೇ ಹೊಳೆಯುತ್ತ ಬಂದ ಕುರ್ಚಿಯಾದರೆ ಬೋರಲು ಹಾಕಿ, ಟಾರ್ಚ್ ಹಿಡಿದು ಹಿಂಗಾಲುಗಳಲ್ಲಿ ಪುಟ್ಟಿಯ ಚುಕ್ಕೆ ಹುಡುಕಿ.

ನನ್ನ ₹2,800 ಇನ್ನೂ ಬಂದಿಲ್ಲ. ಆಚಾರ್ರು ಉಳಿದ ಮೂರು ಕುರ್ಚಿಗಳಿಂದ ಮೊಳೆ ಕೀಳುತ್ತಿದ್ದಾರೆ. ಕಿತ್ತ ಮೊಳೆಗಳ ಫೋಟೋವನ್ನು ಆ ತಂಡದವರಿಗೆ ಕಳಿಸಿದ್ದೇನೆ, ನೋಡಿದ್ದಾರೆ ಎಂಬ ನೀಲಿ ಗುರುತು ಬಂದಿದೆ, ಉತ್ತರ ಬಂದಿಲ್ಲ.