ಸಂಕ್ರಾಂತಿ ವಿಶೇಷ ತಿಂಡಿ ಬಾಕ್ಸ್: ಎಳ್ಳು ಬೆಲ್ಲಕ್ಕೆ ಪೂರ್ತಿ ಅಂಕ, ಬಂದ ದಿನಕ್ಕೆ ಸೊನ್ನೆ

ಈ ಕುರುಕಲು ತಿಂಡಿ ಬಾಕ್ಸಿಗೆ ಚಂದಾ ಕಟ್ಟಿ ವರ್ಷದ ಮೇಲಾಯಿತು. ತಿಂಗಳಿಗೆ 549 ರೂಪಾಯಿ, ಮೊದಲ ವಾರದಲ್ಲೇ ಮನೆಗೆ ಬರುತ್ತದೆ. ಸಂಜೆ ಕಾಫಿ ಜೊತೆ ಎರಡು ಕೋಡುಬಳೆ, ಒಂದು ನಿಪ್ಪಟ್ಟು ಅಂತ ಲೆಕ್ಕ ಇಟ್ಟರೆ ನಮ್ಮಿಬ್ಬರಿಗೆ ಧಾರಾಳವಾಗಿ ಸಾಕು. ಜನವರಿಯದು ಮಾತ್ರ ಸಂಕ್ರಾಂತಿ ವಿಶೇಷ, 849 ರೂಪಾಯಿ. ಜಾಸ್ತಿ ಕೊಟ್ಟ 300ಕ್ಕೆ ಅರ್ಧ ಕೆಜಿ ಎಳ್ಳು ಬೆಲ್ಲ, 12 ಸಕ್ಕರೆ ಅಚ್ಚು.

ಎಳ್ಳು ಬೆಲ್ಲದ ಬಗ್ಗೆ ಹೇಳಲೇಬೇಕು. ಮನೆಯಲ್ಲಿ ಮಾಡಿದವರಿಗೆ ಗೊತ್ತು, ಇದರಲ್ಲಿ ಖರ್ಚಿಗಿಂತ ಕೈಕೆಲಸ ದೊಡ್ಡದು. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಬಿಸಿಲಲ್ಲಿ ಒಣಗಿಸಬೇಕು. ಅಚ್ಚು ಬೆಲ್ಲವನ್ನೂ ಅದೇ ಅಳತೆಗೆ ಹೆಚ್ಚಬೇಕು. ಅಂಗಡಿಯಲ್ಲಿ ಕಲಸಿಟ್ಟ ಪೊಟ್ಟಣ ತಂದರೆ ಎಷ್ಟೋ ಸಲ ಬೆಲ್ಲ ಪಸೆ ಎಳೆದುಕೊಂಡು, ಎಳ್ಳೆಲ್ಲ ಅದಕ್ಕೇ ಅಂಟಿ ಗಂಟಾಗಿರುತ್ತದೆ. ಇವರು ಬೆಲ್ಲವನ್ನು ಬೇರೆ ಪೊಟ್ಟಣದಲ್ಲಿಟ್ಟಿದ್ದರು. ಹುರಿದ ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಇನ್ನೊಂದರಲ್ಲಿ. ಬೇಕಾದಾಗ ಬೇಕಾದಷ್ಟೇ ಕಲಸಿಕೊಳ್ಳಬಹುದು. ಕಡಲೆಬೀಜದ ಸಿಪ್ಪೆ ಒಂದೂ ಉಳಿದಿಲ್ಲ. ಕೊಬ್ಬರಿ ಹಳೆಯದಾದರೆ ಮೂಗಿಗೇ ಕಮಟು ಹೊಡೆಯುತ್ತದೆ, ಇದರಲ್ಲಿ ಅದೂ ಇರಲಿಲ್ಲ. ನಮ್ಮತ್ತೆ ಕೂಡ ಬಾಯಿಗೆ ಹಾಕಿಕೊಂಡು ಸುಮ್ಮನಾದರು. ಅವರು ಸುಮ್ಮನಾದರೆ ಮೆಚ್ಚಿದರು ಅಂತ ಅರ್ಥ.

ಆದರೆ ಬಾಕ್ಸ್ ಬಂದಿದ್ದು ಯಾವಾಗ? ಹಬ್ಬದ ದಿನ ರಾತ್ರಿ ಎಂಟೂವರೆಗೆ! ಅಷ್ಟರಲ್ಲಿ ನಾವು ಗಾಂಧಿ ಬಜಾರಿನಿಂದ ಎಳ್ಳು ತಂದು, ಕಬ್ಬು, ಬಾಳೆಹಣ್ಣು, ಎಲಚಿ ಹಣ್ಣಿನ ಜೊತೆ ಬೀರಿ ಬಂದಾಗಿತ್ತು. ಉಗಾದಿ, ಗಣೇಶನ ಹಬ್ಬವಾದರೆ ತಾರೀಖು ವರ್ಷವರ್ಷ ಓಡಾಡುತ್ತದೆ. ಸಂಕ್ರಾಂತಿ ಹಾಗಲ್ಲ, ಜನವರಿ 14, ತಪ್ಪಿದರೆ 15. ಇದಕ್ಕೂ ತಡ ಮಾಡುವುದು ಅಂದರೆ ಹೇಗೆ? ಫೋನ್ ಮಾಡಿದರೆ, ತಾಜಾ ಇರಲಿ ಅಂತ ಕೊನೆಗೆ ಕಳಿಸಿದೆವು ಅಂದರು. ಚಕ್ಕುಲಿಗೆ ಆ ಮಾತು ಒಪ್ಪಬಹುದು. ಆದರೆ ಚೆನ್ನಾಗಿ ಒಣಗಿಸಿದ ಎಳ್ಳು, ಕೊಬ್ಬರಿ ಗಾಳಿಯಾಡದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ, ಅಲ್ವಾ? ನಾನಿನ್ನೂ ಎಳ್ಳು ಬೆಲ್ಲ ತಿಂದಿರದ ಹೊತ್ತಲ್ಲಿ ಮಾಡಿದ ಫೋನ್ ಅದು, ಒಳ್ಳೆ ಮಾತು ಬರಲಿಲ್ಲ.

ಸಕ್ಕರೆ ಅಚ್ಚಿನದು ಬೇರೆ ಗೋಳು. ಗಿಳಿಗೆ ತಲೆಯಿಲ್ಲ, ಗೋಪುರಕ್ಕೆ ಕಳಸವಿಲ್ಲ, ಒಟ್ಟು ಐದು ಮುರಿದಿದ್ದವು. ಸುತ್ತ ಸುಮ್ನೆ ಒಂದು ಪದರ ಕಾಗದ ಸುತ್ತಿದ್ದರು. ಮುರಿದ ಅಚ್ಚನ್ನು ಯಾರ ಕೈಗೂ ಕೊಡುವ ಹಾಗಿಲ್ಲ, ಹಾಲಿಗೆ ಹಾಕಿಕೊಂಡು ಮುಗಿಸಿದೆವು.

ಮಾಮೂಲಿ ತಿಂಗಳ ಬಾಕ್ಸ್ ಬಿಡುವುದಿಲ್ಲ, ಆ ಬೆಲೆಗೆ ಅದು ಸರಿಯಾಗಿದೆ. ಸಂಕ್ರಾಂತಿಯದನ್ನು ಮಾತ್ರ 10ನೇ ತಾರೀಖಿನೊಳಗೆ ತಲುಪಿಸುತ್ತೇವೆ ಅಂತ ಆರ್ಡರ್ ಮಾಡುವಾಗಲೇ ತೋರಿಸಿದರೆ ತಗೊಳ್ಳುತ್ತೇನೆ. ಅಚ್ಚು ಬಿಟ್ಟು ಬರೀ ಎಳ್ಳು ಬೆಲ್ಲ ಕಳಿಸಿದರೂ ನನಗೆ ಆದೀತು.